√2 + √3 ರ ಡಿಗ್ರಿ ಎಷ್ಟು?
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



√2 ಎಂಬುದು x² − 2 = 0 ಸಮೀಕರಣದ ಮೂಲ ಎಂದು ನಿಮಗೆಲ್ಲ ಗೊತ್ತು. √3 ರ ಸಮೀಕರಣ x² − 3 = 0. ಹಾಗಾದರೆ ಇವೆರಡನ್ನು ಕೂಡಿಸಿದಾಗ ಬರುವ ಸಂಖ್ಯೆ ಯಾವ ಸಮೀಕರಣದ ಮೂಲ? ಭಾಗಲಬ್ಧ ಸಹಗುಣಕಗಳಿರುವ, ಮೊದಲ ಪದದ ಸಹಗುಣಕ 1 ಆಗಿರುವ, ಅತಿ ಕಡಿಮೆ ಘಾತದ ಬಹುಪದೋಕ್ತಿ ನಮಗೆ ಬೇಕು. ಅದನ್ನೇ ಆ ಸಂಖ್ಯೆಯ ಕನಿಷ್ಠ ಬಹುಪದೋಕ್ತಿ ಎನ್ನುತ್ತೇವೆ. ಅದರ ಘಾತವೇ ಆ ಸಂಖ್ಯೆಯ ಡಿಗ್ರಿ.

α = √2 + √3 ಎಂದಿಟ್ಟುಕೊಳ್ಳೋಣ. ವರ್ಗ ಮಾಡಿದರೆ α² = 5 + 2√6. ಐದನ್ನು ಎಡಕ್ಕೆ ತಂದು ಮತ್ತೊಮ್ಮೆ ವರ್ಗ ಮಾಡಿದರೆ (α² − 5)² = 24. ಬಿಡಿಸಿ ಬರೆದಾಗ

α⁴ − 10α² + 1 = 0.

ಇಲ್ಲಿಗೆ ಕೆಲಸ ಮುಗಿಯಿತೆಂದು ಅನೇಕರು ಪೆನ್ನು ಕೆಳಗಿಡುತ್ತಾರೆ. ಆದರೆ ಇದರಿಂದ ತಿಳಿದದ್ದು ಡಿಗ್ರಿ 4 ಕ್ಕಿಂತ ಹೆಚ್ಚಿಲ್ಲ ಎಂಬುದಷ್ಟೆ. ಇನ್ನೂ ಚಿಕ್ಕ ಬಹುಪದೋಕ್ತಿ ಇಲ್ಲವೆಂದು ಯಾರು ಹೇಳಿದರು?

ಈ ಸಂದೇಹ ಸುಮ್ಮನೆ ಹುಟ್ಟಿದ್ದಲ್ಲ. √2 + √8 ನ್ನು ನೋಡಿ. ಇದೇ ದಾರಿಯಲ್ಲಿ ಯೋಚಿಸದೆ ನಡೆದರೆ (x² − 10)² = 64, ಅಂದರೆ x⁴ − 20x² + 36 ಸಿಗುತ್ತದೆ. ಅದು (x² − 18)(x² − 2) ಎಂದು ಒಡೆಯುತ್ತದೆ. √8 ಎಂದರೆ 2√2, ಆದ್ದರಿಂದ ಮೊತ್ತ 3√2, ಅದರ ಕನಿಷ್ಠ ಬಹುಪದೋಕ್ತಿ x² − 18 ಮಾತ್ರ. ಲೆಕ್ಕ ನಾಲ್ಕನೆಯ ಘಾತ ತೋರಿಸಿತು, ನಿಜವಾದ ಡಿಗ್ರಿ ಎರಡೇ.

ನಮ್ಮ x⁴ − 10x² + 1 ಕ್ಕೆ ಭಾಗಲಬ್ಧ ಮೂಲಗಳಿಲ್ಲ. ಇರುವುದಾದರೆ 1 ಅಥವಾ −1 ಆಗಿರಬೇಕು, ಎರಡಕ್ಕೂ ಬೆಲೆ −8 ಬರುತ್ತದೆ. ಆದರೆ ಇಷ್ಟು ಸಾಲದು. ಮೂಲಗಳಿಲ್ಲದಿದ್ದರೂ ಅದು ಎರಡು ವರ್ಗ ಬಹುಪದೋಕ್ತಿಗಳಾಗಿ ಒಡೆಯಬಹುದು. x⁴ + 4 ಹಾಗೆಯೇ (x² + 2x + 2)(x² − 2x + 2) ಆಗಿ ಒಡೆಯುತ್ತದೆ. ಕೊನೆಯ ಪದ 1 ಆದ್ದರಿಂದ ಐಸೆನ್‌ಸ್ಟೈನ್ ಪರೀಕ್ಷೆಯೂ ಇಲ್ಲಿ ನೇರವಾಗಿ ಹೊಂದುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಗೋಪುರ ನಿಯಮ.

ಭಾಗಲಬ್ಧ ಸಂಖ್ಯೆಗಳ ಕ್ಷೇತ್ರ Q ನೆಲವೆಂದು ತಿಳಿಯಿರಿ. ಅದಕ್ಕೆ √2 ಸೇರಿಸಿದರೆ ಮೊದಲ ಮಹಡಿ Q(√2). ಅಲ್ಲಿರುವ ಸಂಖ್ಯೆಗಳೆಲ್ಲ a + b√2 ರೂಪದವು. ಅದಕ್ಕೆ √3 ಸೇರಿಸಿದರೆ ಎರಡನೆಯ ಮಹಡಿ Q(√2, √3). ನೆಲದಿಂದ ಮೇಲಿನ ಮಹಡಿಯವರೆಗಿನ ಡಿಗ್ರಿ, ಒಂದೊಂದು ಹಂತದ ಡಿಗ್ರಿಗಳ ಗುಣಲಬ್ಧ ಎಂಬುದೇ ಗೋಪುರ ನಿಯಮ. ಗಮನಿಸಿ, ಮೊತ್ತವಲ್ಲ, ಗುಣಲಬ್ಧ.

√2 ಭಾಗಲಬ್ಧವಲ್ಲ, ಆದ್ದರಿಂದ ಮೊದಲ ಹಂತ 2. ಎರಡನೆಯ ಹಂತವೂ 2 ಆಗಬೇಕಾದರೆ √3 ಮೊದಲ ಮಹಡಿಯಲ್ಲಿ ಆಗಲೇ ಇರಬಾರದು. ಇದೆ ಎಂದುಕೊಳ್ಳೋಣ: √3 = a + b√2, ಇಲ್ಲಿ a, b ಭಾಗಲಬ್ಧ ಸಂಖ್ಯೆಗಳು. ವರ್ಗ ಮಾಡಿದರೆ

3 = a² + 2b² + 2ab√2.

a, b ಎರಡೂ ಸೊನ್ನೆಯಲ್ಲದಿದ್ದರೆ √2 ಭಾಗಲಬ್ಧವಾಗಿಬಿಡುತ್ತದೆ. b = 0 ಆದರೆ √3 ಭಾಗಲಬ್ಧವಾಗುತ್ತದೆ. a = 0 ಆದರೆ 3 = 2b², ಅಂದರೆ 6 = (2b)², √6 ಭಾಗಲಬ್ಧವಾಗುತ್ತದೆ. ಮೂರೂ ಅಸಾಧ್ಯ. ಹಾಗಾಗಿ ಎರಡನೆಯ ಹಂತವೂ 2, ಇಡೀ ಗೋಪುರದ ಡಿಗ್ರಿ 2 × 2 = 4. √2 + √8 ರಲ್ಲಿ ಗೋಪುರ ಕುಸಿದದ್ದು ಇಲ್ಲಿಯೇ. √8 ಮೊದಲ ಮಹಡಿಯಲ್ಲೇ ಇದ್ದುದರಿಂದ ಎರಡನೆಯ ಮಹಡಿ ಏಳಲೇ ಇಲ್ಲ.

ಇನ್ನೊಂದು ಮಾತು ಉಳಿದಿದೆ. ನಾವು ಅಳೆದದ್ದು √2, √3 ಎರಡನ್ನೂ ಸೇರಿಸಿ ಕಟ್ಟಿದ ಗೋಪುರವನ್ನು. ನಮಗೆ ಬೇಕಾದದ್ದು α ಒಂದರಿಂದಲೇ ಹುಟ್ಟುವ Q(α). ಎರಡೂ ಒಂದೇ ಎಂದು ತೋರಿಸಬೇಕು. (√3 + √2)(√3 − √2) = 1 ಆದ್ದರಿಂದ 1/α = √3 − √2. α ಮತ್ತು 1/α ಕೂಡಿಸಿ ಅರ್ಧ ಮಾಡಿದರೆ √3 ಸಿಗುತ್ತದೆ, ಕಳೆದು ಅರ್ಧ ಮಾಡಿದರೆ √2 ಸಿಗುತ್ತದೆ. ಅಂದರೆ α ಇದ್ದಲ್ಲಿ ಇವೆರಡೂ ಇದ್ದೇ ಇರುತ್ತವೆ. α ಆದರೋ ಇವೆರಡರ ಮೊತ್ತ, ಆದ್ದರಿಂದ ಅದು ಗೋಪುರದ ಒಳಗೇ ಇದೆ. ಹೀಗೆ Q(α) = Q(√2, √3), α ದ ಡಿಗ್ರಿ ಸರಿಯಾಗಿ 4.

ಕನಿಷ್ಠ ಬಹುಪದೋಕ್ತಿಯ ಘಾತ 4 ಇರಲೇಬೇಕು. ನಮ್ಮ ಕೈಯಲ್ಲಿ ಆ ಘಾತದ್ದೊಂದು ಆಗಲೇ ಇದೆ. ಆದುದರಿಂದ x⁴ − 10x² + 1 ಅದೇ ಕನಿಷ್ಠ ಬಹುಪದೋಕ್ತಿ. ಅದು ಒಡೆಯುವುದಿಲ್ಲ ಎಂಬುದೂ ಇದರೊಂದಿಗೇ ಸಿದ್ಧವಾಯಿತು. ಬಿಡಿಸಿ ನೋಡುವ ಕಷ್ಟವೇ ಬೇಕಾಗಲಿಲ್ಲ.

ವಿದ್ಯಾರ್ಥಿಗಳು ಮನೆಯಲ್ಲಿ √2 + √5 ನ್ನು ಪ್ರಯತ್ನಿಸಿ. ಉತ್ತರ x⁴ − 14x² + 9 ಬರಬೇಕು. ಅಲ್ಲಿ (√5 + √2)(√5 − √2) ರ ಬೆಲೆ 1 ಅಲ್ಲ, 3. ಆದ್ದರಿಂದ 1/α ಬದಲು 3/α ತೆಗೆದುಕೊಳ್ಳಬೇಕು. ಉಳಿದ ಹೆಜ್ಜೆಗಳೆಲ್ಲ ಇವೇ.