ಕ್ಯಾಶ್‌ಲೆಸ್ ಇದ್ದರೂ ಅಪ್ಪನ ಆಪರೇಷನ್‌ಗೆ 44 ಸಾವಿರ ಕಟ್ಟಿದ್ದು ಯಾಕೆ?

ಇವತ್ತು ನಮ್ಮ ಮನೆಯ ಒಂದು ಬಿಲ್ ಕಥೆ ಹೇಳ್ತೀನಿ. ನಮ್ಮ ಅಪ್ಪನಿಗೆ 61 ವರ್ಷ. ಪಿತ್ತಕೋಶದಲ್ಲಿ ಕಲ್ಲು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಪ್ರೋಸ್ಕೋಪಿ ಮಾಡಿಸಿದ್ವಿ. ಐದು ಲಕ್ಷದ ಪಾಲಿಸಿ ಇತ್ತು, ಆಸ್ಪತ್ರೆ ನೆಟ್‌ವರ್ಕ್ ಲಿಸ್ಟಿನಲ್ಲೂ ಇತ್ತು. ಒಟ್ಟು ಬಿಲ್ 1 ಲಕ್ಷ 40 ಸಾವಿರ. ಅದರಲ್ಲಿ 44 ಸಾವಿರ ನಾವೇ ಕಟ್ಟಿದ್ವಿ. ಇದರಲ್ಲಿ ಬಹುಪಾಲು ದುಡ್ಡು ಹೋಗಿದ್ದು ಅಡ್ಮಿಟ್ ಆದ ದಿನ ನಾನು ಎರಡು ನಿಮಿಷದಲ್ಲಿ ಮಾಡಿದ ಒಂದು ಆಯ್ಕೆಯಿಂದ. ಅದು ಯಾವುದು ಅನ್ನೋದು ಕಥೆ ಮುಂದೆ ಹೋದ ಹಾಗೆ ಗೊತ್ತಾಗುತ್ತೆ.

ಮೊದಲ ಹಂತ ಪ್ರೀ-ಆಥ್, ಅಂದ್ರೆ ಪೂರ್ವಾನುಮತಿ. ಕ್ಯಾಶ್‌ಲೆಸ್ ಅಂದ್ರೆ ಕಾರ್ಡ್ ತೋರಿಸಿದ ಕೂಡಲೇ ಎಲ್ಲ ಉಚಿತ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಇಂಥ ರೋಗಿಗೆ, ಇಂಥ ಕಾಯಿಲೆಗೆ, ಇಷ್ಟು ಖರ್ಚಾಗಬಹುದು, ಒಪ್ಪಿಗೆ ಕೊಡಿ ಅಂತ ಆಸ್ಪತ್ರೆಯವರು ವಿಮಾ ಕಂಪನಿಯನ್ನು ಕೇಳಬೇಕು. ಕೆಲವು ಕಂಪನಿಗಳು ಈ ಕೆಲಸವನ್ನು ನೇರವಾಗಿ ಮಾಡ್ತವೆ, ಕೆಲವು ಟಿಪಿಎ ಅನ್ನೋ ಮಧ್ಯದ ಸಂಸ್ಥೆಗೆ ಒಪ್ಪಿಸಿರ್ತವೆ. ಅದಕ್ಕೇ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರ್‌ಗೆ ಎಷ್ಟೋ ಕಡೆ ಟಿಪಿಎ ಡೆಸ್ಕ್ ಅಂತಲೇ ಹೆಸರು.

ನಮ್ಮದು ಮೊದಲೇ ದಿನ ಗೊತ್ತಾಗಿದ್ದ ಆಪರೇಷನ್. ಸೋಮವಾರ ಅಡ್ಮಿಟ್ ಆಗಬೇಕಿತ್ತು, ಹಾಗಾಗಿ ಶುಕ್ರವಾರವೇ ಹೋಗಿ ಹೆಲ್ತ್ ಕಾರ್ಡ್, ಆಧಾರ್, ಪ್ಯಾನ್, ಸ್ಕ್ಯಾನಿಂಗ್ ರಿಪೋರ್ಟ್, ಡಾಕ್ಟರ್ ಬರೆದ ಅಡ್ಮಿಷನ್ ಚೀಟಿ ಎಲ್ಲ ಕೊಟ್ಟೆ. ತುರ್ತು ಕೇಸ್ ಆದ್ರೆ ಮೊದಲು ಅಡ್ಮಿಟ್ ಮಾಡಿ ಆಮೇಲೆ ತಿಳಿಸಬಹುದು, ಸಾಮಾನ್ಯವಾಗಿ 24 ಗಂಟೆಯೊಳಗೆ.

ಪ್ರೀ-ಆಥ್ ಫಾರಂನಲ್ಲಿ ಎರಡು ಭಾಗ ಇರುತ್ತೆ. ಒಂದನ್ನು ನಾವು ತುಂಬಬೇಕು, ಇನ್ನೊಂದನ್ನು ಡಾಕ್ಟರ್. ಡಾಕ್ಟರ್ ಭಾಗದಲ್ಲಿ ಒಂದು ಪ್ರಶ್ನೆ ಇದೆ: ಈ ತೊಂದರೆ ಎಷ್ಟು ದಿನದಿಂದ? ನಮ್ಮ ಗಾಡಿ ಮೊದಲು ನಿಂತಿದ್ದು ಇಲ್ಲೇ.

ಜೂನಿಯರ್ ಡಾಕ್ಟರ್ ಕೇಳಿದಾಗ ಅಪ್ಪ, "ಮೂರು ವರ್ಷದಿಂದ ಹೊಟ್ಟೆ ಸರಿ ಇಲ್ಲಮ್ಮಾ" ಅಂದ್ರು. ಅವರು ಹಾಗೇ ಬರ್ಕೊಂಡ್ರು, ಹೊಟ್ಟೆನೋವು ಮೂರು ವರ್ಷದಿಂದ ಅಂತ. ನಾವು ಪಾಲಿಸಿ ತಗೊಂಡು ಎರಡೂವರೆ ವರ್ಷ ಆಗಿತ್ತು. ಪಿತ್ತಕೋಶದ ಕಲ್ಲಿಗೆ ನಮ್ಮ ಪಾಲಿಸಿಯಲ್ಲಿದ್ದ 24 ತಿಂಗಳ ಕಾಯುವ ಅವಧಿ ಮುಗಿದಿತ್ತು. ಆದ್ರೆ ನೋವು ಪಾಲಿಸಿಗಿಂತ ಹಳೆಯದು ಅಂದ್ರೆ, ಮೊದಲೇ ಇದ್ದ ಕಾಯಿಲೆಯನ್ನು ನೀವು ಹೇಳದೆ ಮುಚ್ಚಿಟ್ರಾ ಅನ್ನೋ ಪ್ರಶ್ನೆ ಏಳುತ್ತೆ. ಒಪ್ಪಿಗೆ ಬದಲು ಕ್ವೆರಿ ಬಂತು: ಮೂರು ವರ್ಷದ ಚಿಕಿತ್ಸೆಯ ದಾಖಲೆ ಕೊಡಿ.

ನಿಜ ಏನಪ್ಪಾ ಅಂದ್ರೆ, ಮೂರು ವರ್ಷದಿಂದ ಇದ್ದಿದ್ದು ಊಟ ಆದ ಮೇಲೆ ಬರೋ ಹುಳಿತೇಗು. ಬಲಪಕ್ಕೆಯ ನೋವು ಶುರುವಾಗಿದ್ದು ಮೂರು ತಿಂಗಳ ಹಿಂದೆ, ಕಲ್ಲು ಮೊದಲ ಸಲ ಕಂಡಿದ್ದೂ ಆಗಿನ ಸ್ಕ್ಯಾನಿಂಗ್‌ನಲ್ಲಿ. ಆ ಸ್ಕ್ಯಾನಿಂಗ್ ರಿಪೋರ್ಟ್, ಊರಿನ ಡಾಕ್ಟರ ಹಳೇ ಚೀಟಿ ಎರಡನ್ನೂ ಸರ್ಜನ್‌ಗೆ ತೋರಿಸಿದೆ. ಅವರು ವಿಷಯ ಬಿಡಿಸಿ ಒಂದು ಪತ್ರ ಬರೆದುಕೊಟ್ಟರು. ಸುಳ್ಳು ಹೇಳಿಸಬೇಡಿ, ಅದು ಮುಂದೆ ಕ್ಲೇಮನ್ನೇ ಮುಳುಗಿಸುತ್ತೆ. ಆದ್ರೆ ಫಾರಂ ಹೋಗೋ ಮುಂಚೆ ಡಾಕ್ಟರ್ ಏನು ಬರೆದಿದ್ದಾರೆ ಅಂತ ಒಂದು ಸಲ ಓದಿ. ಯಾವ ತೊಂದರೆ ಯಾವಾಗಿನಿಂದ ಅನ್ನೋದು ಬೇರೆ ಬೇರೆಯಾಗಿ ಬರೆದಿರಲಿ.

ಶನಿವಾರ ಸಂಜೆ ಒಪ್ಪಿಗೆ ಬಂತು, 60 ಸಾವಿರಕ್ಕೆ. ಅಮ್ಮ ಗಾಬರಿಯಾದ್ರು: "ಬರೀ ಅರವತ್ತೇ ಕೊಡ್ತಾರೇನೋ?" ಇಲ್ಲ. ಅದು ಆರಂಭದ ಒಪ್ಪಿಗೆ ಅಷ್ಟೇ. ಆಮೇಲೆ ಖರ್ಚು ಅಥವಾ ದಿನ ಜಾಸ್ತಿ ಆದ್ರೆ ಆಸ್ಪತ್ರೆಯವರು ಮತ್ತೆ ಕೇಳ್ತಾರೆ, ಅದಕ್ಕೆ ಎನ್‌ಹಾನ್ಸ್‌ಮೆಂಟ್ ಅಂತಾರೆ. ಅಪ್ಪನಿಗೆ ಎರಡು ದಿನ ಅಂದಿದ್ದು ಮೂರು ದಿನ ಆಯ್ತು. ಬುಧವಾರ ಕೇಳಿದ್ರು, ಒಪ್ಪಿಗೆ 75 ಸಾವಿರಕ್ಕೆ ಏರಿತು. ಕೊನೆಯ ಲೆಕ್ಕ ನಡೆಯೋದು ಡಿಸ್ಚಾರ್ಜ್ ದಿನ.

ಮೊದಲ ಒಪ್ಪಿಗೆ ಪತ್ರದಲ್ಲಿ ಇನ್ನೊಂದು ಸಾಲಿತ್ತು. ಅರ್ಹ ರೂಮ್ ಬಾಡಿಗೆ ದಿನಕ್ಕೆ 5,000. ನಮ್ಮ ಪಾಲಿಸಿಯಲ್ಲಿ ರೂಮಿಗೆ ವಿಮಾ ಮೊತ್ತದ ಶೇಕಡಾ ಒಂದು ಅನ್ನೋ ಮಿತಿ ಇದೆ, ಐದು ಲಕ್ಷಕ್ಕೆ ಐದು ಸಾವಿರ. ನಾನು ಮೊತ್ತ ನೋಡಿದೆ, ಈ ಸಾಲು ನೋಡಲಿಲ್ಲ.

ಸೋಮವಾರ ಅಡ್ಮಿಷನ್ ಕೌಂಟರ್‌ನಲ್ಲಿ ಕೇಳಿದ್ರು, "ಶೇರಿಂಗ್ 5,000, ಸಿಂಗಲ್ ರೂಮ್ 8,000, ಯಾವುದು ಸರ್?" ದಿನಕ್ಕೆ ಮೂರು ಸಾವಿರ ತಾನೇ ಜಾಸ್ತಿ, ಅಪ್ಪ ಆರಾಮಾಗಿ ಮಲಗಲಿ ಅಂತ ಸಿಂಗಲ್ ಅಂದೆ. ಒಂದು ಸಹಿ, 20 ಸಾವಿರ ಅಡ್ವಾನ್ಸ್, ಮುಗೀತು. ನಾನು ಹೇಳಿದ ಆ ಎರಡು ನಿಮಿಷದ ಆಯ್ಕೆ ಇದೇ.

ನನ್ನ ತಲೆಯಲ್ಲಿದ್ದ ಲೆಕ್ಕ ಮೂರು ದಿನಕ್ಕೆ ಒಂಬತ್ತು ಸಾವಿರ. ಪಾಲಿಸಿಯ ಲೆಕ್ಕ ಬೇರೆ. ತುಂಬಾ ಆಸ್ಪತ್ರೆಗಳಲ್ಲಿ ರೂಮ್ ದುಬಾರಿಯಾದಂತೆ ಸರ್ಜನ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜು, ನರ್ಸಿಂಗ್ ಎಲ್ಲದರ ದರವೂ ಏರುತ್ತೆ. ಅದಕ್ಕೇ ಮಿತಿ ಮೀರಿದ ರೂಮ್ ತಗೊಂಡ್ರೆ ವಿಮಾ ಕಂಪನಿ ರೂಮಿನ ಜೊತೆಗೆ ಈ ಖರ್ಚುಗಳನ್ನೂ ಅದೇ ಅನುಪಾತದಲ್ಲಿ ಕಡಿತ ಮಾಡುತ್ತೆ. ಅರ್ಹತೆ ಐದು ಸಾವಿರ, ತಗೊಂಡಿದ್ದು ಎಂಟು ಸಾವಿರ. ಐದನ್ನು ಎಂಟರಿಂದ ಭಾಗಿಸಿದ್ರೆ ಶೇಕಡಾ 62.5. ಅಂದ್ರೆ ನೂರು ರೂಪಾಯಿ ಸರ್ಜನ್ ಫೀಸಿಗೆ ಅವರು ಕೊಡೋದು ಅರವತ್ತೆರಡೂವರೆ.

ಈಗ ಡಿಸ್ಚಾರ್ಜ್ ದಿನಕ್ಕೆ ಬರೋಣ. ಗುರುವಾರ ಬೆಳಗ್ಗೆ ಒಂಬತ್ತೂವರೆಗೆ ಡಾಕ್ಟರ್ "ಮನೆಗೆ ಹೋಗಬಹುದು" ಅಂದ್ರು. ಮಧ್ಯಾಹ್ನ ಒಂದಾದ್ರೂ ನಾವು ಅಲ್ಲೇ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಒಂದು ನಿಯಮ ತಂದಿದೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚಿನ ಬಾಡಿಗೆ ಹಾಕಿದ್ರೆ ಅದನ್ನು ಕಂಪನಿಯೇ ಭರಿಸಬೇಕು. ನಾನು ಇದನ್ನು ಹಿಡ್ಕೊಂಡು ಜಗಳಕ್ಕೆ ಹೋದೆ. ಡೆಸ್ಕಿನಲ್ಲಿದ್ದ ಹುಡುಗಿ ಶಾಂತವಾಗಿ ಹೇಳಿದ್ಲು, "ಸರ್, ಫೈಲ್ ಇನ್ನೂ ಇಲ್ಲಿಂದಲೇ ಹೋಗಿಲ್ಲ."

ಡಾಕ್ಟರ್ ಬಾಯಲ್ಲಿ ಹೇಳಿದ ಹೊತ್ತಿಂದ ಗಡಿಯಾರ ಓಡಲ್ಲ. ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಬೇಕು, ವಾರ್ಡಿನಲ್ಲಿ ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಆಗಬೇಕು, ಫೈನಲ್ ಬಿಲ್ ಆಗಬೇಕು, ಆಮೇಲೆ ಫೈಲ್ ಕಂಪನಿಗೆ ಹೋಗುತ್ತೆ. ನಮ್ಮದು ಹೋಗಿದ್ದು 1 ಗಂಟೆ 10 ನಿಮಿಷಕ್ಕೆ, ಉತ್ತರ ಬಂದಿದ್ದು 3.40ಕ್ಕೆ. ಕಂಪನಿ ಸಮಯದೊಳಗೇ ಇತ್ತು, ತಡವಾಗಿದ್ದು ವಾರ್ಡಿನಲ್ಲಿ. ಹಾಗಾಗಿ "ಅಪ್ರೂವಲ್ ಬಂತಾ?" ಅಂತ ಕೇಳೋ ಬದಲು "ಫೈಲ್ ಎಷ್ಟು ಗಂಟೆಗೆ ಕಳಿಸಿದ್ರಿ?" ಅಂತ ಕೇಳಿ. ಸಾಧ್ಯ ಆದ್ರೆ ಹಿಂದಿನ ದಿನ ಸಂಜೆಯೇ ಸಮ್ಮರಿ ಸಿದ್ಧ ಮಾಡಿಡಿ ಅಂತ ವಾರ್ಡಿನಲ್ಲಿ ಕೇಳ್ಕೊಳ್ಳಿ.

ಅಂತಿಮ ಪತ್ರ ನೋಡಿ ನನಗೆ ತಲೆ ತಿರುಗಿತು. ಒಪ್ಪಿದ್ದು 92,625, ನಾವು ಕಟ್ಟಬೇಕಾದದ್ದು 47,375. ಅಲ್ಲೇ ಕಾರಿಡಾರ್‌ನಲ್ಲಿ ಕೂತು ಮೊಬೈಲಲ್ಲಿ ಪಾಲಿಸಿ ಪಿಡಿಎಫ್ ತೆಗೆದೆ. ರೂಮಿಗೆ ಹೊಂದಿಕೊಂಡ ವೈದ್ಯಕೀಯ ಖರ್ಚು ಅಂದ್ರೆ ಯಾವುದು ಅಂತ ಅದರಲ್ಲಿ ವಿವರಣೆ ಇದೆ. ಔಷಧಿ, ಬಳಸಿ ಬಿಸಾಡೋ ಸಾಮಗ್ರಿ, ದೇಹದೊಳಗೆ ಇಡೋ ಇಂಪ್ಲಾಂಟ್, ಲ್ಯಾಬ್ ಮತ್ತು ಸ್ಕ್ಯಾನಿಂಗ್ ಪರೀಕ್ಷೆ, ಇವಕ್ಕೆ ಅನುಪಾತದ ಕಡಿತ ಇಲ್ಲ. ಇವು ಯಾವ ರೂಮಿನಲ್ಲಿದ್ರೂ ಅದೇ ಬೆಲೆ ತಾನೇ? ಆದ್ರೆ ನಮ್ಮ ಪತ್ರದಲ್ಲಿ 9,000 ರೂಪಾಯಿಯ ಪರೀಕ್ಷೆಗಳಿಂದಲೂ 3,375 ಕಡಿತ ಮಾಡಿದ್ರು.

ಡೆಸ್ಕಿಗೆ ಹೋಗಿ ಆ ಪುಟ ತೋರಿಸಿದೆ. ಅವರು ಮರುಪರಿಶೀಲನೆಗೆ ಕಳಿಸಿದ್ರು. 5.15ಕ್ಕೆ ತಿದ್ದಿದ ಪತ್ರ ಬಂತು.

ಕೊನೆಯ ಲೆಕ್ಕ ಹೀಗಿತ್ತು. ರೂಮ್ 24 ಸಾವಿರದಲ್ಲಿ ಸಿಕ್ಕಿದ್ದು 15. ಸರ್ಜನ್, ಅನಸ್ತೇಷಿಯಾ, ಥಿಯೇಟರ್, ನರ್ಸಿಂಗ್ ಸೇರಿ 80 ಸಾವಿರದಲ್ಲಿ ಸಿಕ್ಕಿದ್ದು 50. ಔಷಧಿ 22 ಸಾವಿರ ಪೂರ್ತಿ. ಪರೀಕ್ಷೆ 9 ಸಾವಿರ ಪೂರ್ತಿ. ಗ್ಲೌಸ್, ಮಾಸ್ಕ್, ಫೈಲ್ ಚಾರ್ಜ್ ಥರದ್ದು 5 ಸಾವಿರ, ನಮ್ಮ ಪಾಲಿಸಿಯಲ್ಲಿ ಅದಕ್ಕೆ ಏನೂ ಇಲ್ಲ. ಒಟ್ಟು 96 ಸಾವಿರ ಅವರದು, 44 ಸಾವಿರ ನಮ್ಮದು. ಅಡ್ವಾನ್ಸ್ 20 ಕಳೆದು 24 ಸಾವಿರ ಕಟ್ಟಿ ಹೊರಗೆ ಬಂದ್ವಿ. ಐದು ಸಾವಿರದ ರೂಮ್ ತಗೊಂಡಿದ್ರೆ ನಮ್ಮ ಜೇಬಿಂದ ಹೋಗ್ತಿದ್ದಿದ್ದು ಆ ಗ್ಲೌಸ್, ಮಾಸ್ಕ್ ಸಾಲಿನ ಐದು ಸಾವಿರ ಅಷ್ಟೇ.

ಹೊರಡೋ ಮುಂಚೆ ವಿವರವಾದ ಬಿಲ್, ಡಿಸ್ಚಾರ್ಜ್ ಸಮ್ಮರಿ, ಅಂತಿಮ ಪತ್ರ, ಕಟ್ಟಿದ ರಸೀದಿ ಎಲ್ಲದರ ಪ್ರತಿ ಇಸ್ಕೊಳ್ಳಿ. ಆಪರೇಷನ್‌ಗೆ ಮುಂಚಿನ ಸ್ಕ್ಯಾನಿಂಗ್, ಆಮೇಲಿನ ಔಷಧಿ ಮತ್ತು ತಪಾಸಣೆ ಕ್ಯಾಶ್‌ಲೆಸ್‌ನಲ್ಲಿ ಬರಲ್ಲ. ಅವನ್ನು ಬೇರೆಯಾಗಿ ಕ್ಲೇಮ್ ಮಾಡಬೇಕು. ನಮ್ಮ ಪಾಲಿಸಿಯಲ್ಲಿ ಹಿಂದಿನ 30 ದಿನ, ಮುಂದಿನ 60 ದಿನದ ಖರ್ಚು ಸಿಗುತ್ತೆ. ನಾನು ಅದನ್ನು ಈಗ ಹಾಕಿದ್ದೀನಿ.

ಅಪ್ಪನಿಗೆ 44 ಸಾವಿರದ ಸುದ್ದಿ ಹೇಳಿದ್ದು ಮನೆಗೆ ಬಂದ ಮೇಲೆ. ಸುಮ್ಮನೆ ಕೇಳಿಸ್ಕೊಂಡು, "ಆ ರೂಮಿನಲ್ಲಿ ನನಗೆ ನಿದ್ದೇನೇ ಬರಲಿಲ್ಲ ಕಣೋ, ಮಾತಾಡೋಕೆ ಒಬ್ಬರೂ ಇರಲಿಲ್ಲ" ಅಂದ್ರು.

ಒಂದು ಕೆಲಸ ಮಾಡಿ. ಈ ಎಪಿಸೋಡ್ ಮುಗಿದ ಮೇಲೆ ಅಪ್ಪ ಅಮ್ಮನ ಪಾಲಿಸಿ ಪಿಡಿಎಫ್ ತೆಗೆದು ರೂಮ್ ಬಾಡಿಗೆ ಅನ್ನೋ ಸಾಲು ಹುಡುಕಿ. ಅಲ್ಲಿರೋ ಸಂಖ್ಯೆಯನ್ನು ಮನೆಯವರ ವಾಟ್ಸಾಪ್ ಗ್ರೂಪ್‌ಗೆ ಹಾಕಿ. ಅಡ್ಮಿಷನ್ ಕೌಂಟರ್‌ನಲ್ಲಿ ಯಾರು ನಿಂತಿರ್ತಾರೋ ಗೊತ್ತಿಲ್ಲ, ಅವರಿಗೆ ಆ ಸಂಖ್ಯೆ ಗೊತ್ತಿರಬೇಕು. ಮುಂದಿನ ವಾರ ಸಿಗೋಣ, ನಮಸ್ಕಾರ.