ದನಿಯಲ್ಲಿ ಸಿಟ್ಟು ಹುಡುಕುವ ಕೆಲಸ



ಬಿ.ಇ. ಮುಗಿಸಿ ಬೆಂಗಳೂರಿಗೆ ಹೋದವನು ಅಲ್ಲೇನು ಕೆಲಸ ಮಾಡುತ್ತೀಯ ಎಂದು ನೀವು ಕೇಳಿದಾಗಲೆಲ್ಲ 'ಕಂಪ್ಯೂಟರ್ ಕೆಲಸ' ಎಂದು ಜಾರಿಕೊಳ್ಳುತ್ತಿದ್ದೆ. ಇವತ್ತು ಸರಿಯಾಗಿ ಹೇಳುತ್ತೇನೆ. ಕೊಂಡ ವಸ್ತು ಕೆಟ್ಟರೆ ಸಹಾಯವಾಣಿಗೆ ಫೋನ್ ಮಾಡುತ್ತೀರಲ್ಲ, ಆಗ ನಿಮ್ಮ ಸಿಟ್ಟು ಏರುತ್ತಿದೆಯೇ ಎಂದು ದನಿಯಿಂದಲೇ ಗುರುತಿಸುವ ತಂತ್ರಾಂಶ ನಮ್ಮ ತಂಡದ್ದು. ಏರಿದರೆ ಮೇಲ್ವಿಚಾರಕರ ಪರದೆಯಲ್ಲಿ ಕೆಂಪು ಗುರುತು ಬರುತ್ತದೆ.

ಅದು ನಿಮ್ಮ ಮಾತಿನ ಅರ್ಥ ನೋಡುವುದಿಲ್ಲ. ದನಿ ಎಷ್ಟು ಗಟ್ಟಿ, ಎಷ್ಟು ಏರುಶ್ರುತಿ, ಮಾತು ಎಷ್ಟು ಬಿರುಸು ಎಂದಷ್ಟೇ ಅಳೆಯುತ್ತದೆ. ಸಾಮಾನ್ಯ ಮಾತಿನಲ್ಲಿ ಗಂಡಸರ ಗಂಟಲು ಸೆಕೆಂಡಿಗೆ ಸುಮಾರು 120 ಸಲ ಕಂಪಿಸಿದರೆ, ಹೆಂಗಸರದು 200ರ ಆಸುಪಾಸು. ಎಲ್ಲರಿಗೂ ಒಂದೇ ಗೆರೆ ಎಳೆದರೆ ಹೆಂಗಸರೆಲ್ಲ ಸಿಟ್ಟಿನವರೇ ಆಗಿಬಿಡುತ್ತಾರೆ! ಹಾಗಾಗಿ ಕರೆಯ ಮೊದಲ ಅರ್ಧ ನಿಮಿಷವನ್ನು ಆ ವ್ಯಕ್ತಿಯ ಸಹಜ ದನಿ ಎಂದಿಟ್ಟುಕೊಂಡು, ಮುಂದಿನದನ್ನು ಅದಕ್ಕೆ ಹೋಲಿಸುತ್ತೇವೆ.

ಒಮ್ಮೆ ಒಬ್ಬ ರೈತರ ಕರೆಗೆ ನಡುವೆ ಕೆಂಪು ಬಂತು. ನಾನೇ ಕೂತು ಕೇಳಿದೆ. ಸಿಟ್ಟೇನೂ ಇಲ್ಲ, ಪಕ್ಕದಲ್ಲಿ ಯಾರೋ ಡೀಸೆಲ್ ಪಂಪು ಶುರು ಮಾಡಿದ್ದರು ಅಷ್ಟೇ. ಗದ್ದಲದಲ್ಲಿ ನಮಗರಿವಿಲ್ಲದೆಯೇ ದನಿ ಗಟ್ಟಿಯಾಗುತ್ತದೆ, ಶ್ರುತಿಯೂ ಏರುತ್ತದೆ. ಫ್ರಾನ್ಸಿನ ವೈದ್ಯ ಲೊಂಬಾರ್ ಇದನ್ನು 1911ರಲ್ಲೇ ಬರೆದಿದ್ದಾರೆ. ಆದರೆ ಆ ರೈತರ ಮಾತು ಬಿರುಸಾಗಿರಲಿಲ್ಲ, ಅಕ್ಷರಗಳನ್ನು ಎಳೆದು ಹೇಳುತ್ತಿದ್ದರು. ಅಂದಿನಿಂದ ಮಾತಿನ ನಡುವಿನ ಬಿಡುವಿನಲ್ಲಿ ಗದ್ದಲ ಎಷ್ಟಿದೆ ಎಂದೂ ಅಳೆಯುತ್ತೇವೆ. ಗದ್ದಲ ಏರಿ, ವೇಗ ಏರದಿದ್ದರೆ ಕೆಂಪು ಬರುವುದಿಲ್ಲ.

ಇನ್ನೊಂದು ಕರೆ ಮಾತ್ರ ಬಗೆಹರಿದಿಲ್ಲ. ಫ್ರಿಜ್ ಕೆಟ್ಟು ನಾಲ್ಕನೇ ಸಲ ಫೋನ್ ಮಾಡಿದ ಹೆಂಗಸೊಬ್ಬರು. ಕಾದು ಕಾದು, ಮೊದಲ ಮಾತಿಗೇ ದನಿ ಏರಿತ್ತು. ತಂತ್ರಾಂಶ ಅದನ್ನೇ ಅವರ ಸಹಜ ದನಿ ಎಂದುಕೊಂಡಿತು. ಕೊನೆಗೆ ಅವರು ಮೆಲ್ಲಗೆ, ಬಿಡಿಸಿ ಬಿಡಿಸಿ, "ಆಯ್ತು ಬಿಡಿ, ನಿಮಗೆ ಹೇಳಿ ಪ್ರಯೋಜನ ಇಲ್ಲ" ಎಂದು ಫೋನ್ ಇಟ್ಟರು. ಪರದೆಯಲ್ಲಿ ಹಸಿರು: ಗ್ರಾಹಕರು ಶಾಂತರಾದರು! ನಮ್ಮ ಗಣಿತದ ಮೇಷ್ಟ್ರಿಗೆ ಸಿಟ್ಟು ಬಂದರೆ ದನಿ ತಗ್ಗುತ್ತಿತ್ತು, ನೆನಪಿದೆಯೇ? ಇಡೀ ತರಗತಿಗೆ ಗೊತ್ತಾಗುತ್ತಿತ್ತು, ಏಕೆಂದರೆ ಅವರನ್ನು ನಾವು ದಿನವೂ ನೋಡಿದ್ದೆವು. ತಂತ್ರಾಂಶಕ್ಕೆ ಅವರ ಪರಿಚಯ ಐದೇ ನಿಮಿಷದ್ದು.

ಇಷ್ಟಾದರೂ ಒಂದು ಕಂಪನಿಯವರು ಕೆಂಪು ಗುರುತು ಎಣಿಸಿ, ಕರೆ ತೆಗೆದುಕೊಳ್ಳುವ ಹುಡುಗ ಹುಡುಗಿಯರ ಸಂಬಳ ಕಡಿಯಲು ಹೊರಟಿದ್ದರು. ಮೊದಲು ಯಾವ ಕರೆ ಕೇಳಬೇಕು ಎಂದು ಆರಿಸಲು ಮಾತ್ರ ಇದನ್ನು ಬಳಸಿ, ತೀರ್ಪು ಕೇಳಿದವರೇ ಕೊಡಲಿ ಎಂದು ಈ ಎರಡು ಕರೆಗಳನ್ನೂ ಅವರಿಗೆ ಕೇಳಿಸಿದೆ. ಸಂಬಳದ ವಿಷಯ ಸದ್ಯಕ್ಕೆ ನಿಂತಿದೆ.

ಹೊಸ ಆವೃತ್ತಿ ಸಿದ್ಧವಾದಾಗಲೆಲ್ಲ ಆ ಫ್ರಿಜ್ ಕರೆಯನ್ನೇ ಮೊದಲು ಹಾಕಿ ನೋಡುತ್ತೇನೆ. ಹೋದ ವಾರವೂ ಹಸಿರೇ ಬಂತು.