ಬಟ್ಟೆ ಮೊದಲು, ವಿನ್ಯಾಸ ಆಮೇಲೆ



ಹಳೆಯ ಸೀರೆಯಿಂದ ಹೊಲಿದ ಕುರ್ತಾವನ್ನೂ ಅಂಗಡಿಯ ಸಿದ್ಧ ಉಡುಪನ್ನೂ ಅಕ್ಕಪಕ್ಕ ತೂಗುಹಾಕಿದರೆ ಯಾವುದು ಯಾವುದೆಂದು ಹೇಳಲು ಹೆಚ್ಚು ಹೊತ್ತು ಬೇಕಿಲ್ಲ. ಆ ವ್ಯತ್ಯಾಸವನ್ನು ಕೈಕೆಲಸದ ಸೊಗಸು ಎಂದು ಕರೆದು ನಾವು ಸುಮ್ಮನಾಗುತ್ತೇವೆ. ಅದಕ್ಕೆ ಇನ್ನೂ ಖಚಿತವಾದ ಕಾರಣವಿದೆ. ಗಾರ್ಮೆಂಟ್ಸ್‌ನಲ್ಲಿ ವಿನ್ಯಾಸ ಮೊದಲು ಸಿದ್ಧವಾಗುತ್ತದೆ, ಬಟ್ಟೆ ಅದಕ್ಕೆ ತಕ್ಕಂತೆ ಬರುತ್ತದೆ. ಹಳೆಯ ಸೀರೆಯಿಂದ ಹೊಲಿಯುವಾಗ ಮೊದಲಿರುವುದು ಬಟ್ಟೆ.

ಕಾರ್ಖಾನೆಯಲ್ಲಿ ಹತ್ತಾರು ಪದರಗಳನ್ನು ಹಾಸಿ ಒಂದೇ ಗುರುತಿನಲ್ಲಿ ಕತ್ತರಿಸುವುದರಿಂದ ತೋಳುಗಳೆಲ್ಲ ಒಂದೇ ತೆರನಾಗಿರುತ್ತವೆ. ಉಟ್ಟು ಹಳತಾದ ಇಳಕಲ್ ಸೀರೆಯನ್ನು ಹಾಗೆ ಕತ್ತರಿಸಲಾಗದು. ಸೊಂಟಕ್ಕೆ ಸಿಕ್ಕಿಸಿದ ಭಾಗ, ನೆಲಕ್ಕೆ ಉಜ್ಜಿದ ಅಂಚು, ಪಿನ್ನು ಚುಚ್ಚಿದ ಸೆರಗು ಮೊದಲು ಸವೆಯುತ್ತವೆ. ಒಳಸುತ್ತಿನ ಬಣ್ಣ ಬಿಸಿಲು ಕಾಣದೆ ಗಾಢವಾಗಿಯೇ ಉಳಿದಿರುತ್ತದೆ. ಬಲ್ಲ ದರ್ಜಿ ಸೀರೆಯನ್ನು ಬೆಳಕಿಗೆ ಹಿಡಿದು ನೂಲು ತೆಳುವಾದ ಜಾಗಗಳನ್ನು ಗುರುತಿಸುತ್ತಾರೆ, ಮೆಲ್ಲಗೆ ಎಳೆದು ಪರೀಕ್ಷಿಸುತ್ತಾರೆ. ಗಟ್ಟಿ ಭಾಗ ಬೆನ್ನಿಗೂ ಕಂಕುಳಿಗೂ ಹೋಗುತ್ತದೆ, ದುರ್ಬಲವಾದದ್ದಕ್ಕೆ ಅಸ್ತರು ಬೀಳುತ್ತದೆ. ಇಳಕಲ್‌ನಲ್ಲಿ ಇನ್ನೊಂದು ತೊಡಕಿದೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಒಡಲು ಹತ್ತಿ, ಸೆರಗು ರೇಷ್ಮೆಯಾದಾಗ ಒಗೆತದಲ್ಲಿ ಎರಡೂ ಒಂದೇ ರೀತಿ ಕುಗ್ಗುವುದಿಲ್ಲ. ಆದ್ದರಿಂದ ಎಳೆತ ಬೀಳುವ ಕಡೆ ಆ ಕೂಡು ಬಾರದಂತೆ ಅದನ್ನು ಕೆಳಗಿನ ಘೇರಿಗೆ ಇಡುವುದು ಒಳ್ಳೆಯದು. ಅಲ್ಲಿ ಕಾಣುವ ಕೆಂಪು ಸೆರಗು ಅಂದಕ್ಕೆ ಮಾತ್ರ ಬಂದದ್ದಲ್ಲ. ಗಾರ್ಮೆಂಟ್ಸ್‌ಗಳಲ್ಲಿ ಉಳಿದ ಥಾನುಗಳಿಂದ ಹೊಲಿಯುವಾಗಲೂ ಇದೇ ಕಥೆ: ಬಟ್ಟೆ ಮುಗಿದರೆ ಅದೇ ಛಾಯೆ ಮತ್ತೆ ಸಿಗದು, ಕಾಲರಿಗೆ ಬೇರೆ ಬಟ್ಟೆ ಬರುತ್ತದೆ.

ಅದೇ ಛಾಯೆ ಮತ್ತೆ ಸಿಗದಿರುವುದು ನೈಸರ್ಗಿಕ ಬಣ್ಣದಲ್ಲೂ ಇದೆ. ಆ ಏರುಪೇರು ದೋಷವಲ್ಲವೇ ಎಂದು ಕೇಳುವವರಿದ್ದಾರೆ. ಕೆಲವೊಮ್ಮೆ ದೋಷವೇ, ಅದನ್ನು ಒಪ್ಪಬೇಕು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಚೊಗರಿನಿಂದ ಕೆಂಗಂದು ಬಣ್ಣ ಹಾಕುತ್ತಾರೆ. ಹೆಗ್ಗೋಡಿನ ಚರಕ ಸಂಸ್ಥೆಯ ಬಟ್ಟೆಗಳಲ್ಲಿ ಅದನ್ನು ನೋಡಬಹುದು. ಚೊಗರಿನ ಗಾಢತೆ ಸಲದಿಂದ ಸಲಕ್ಕೆ ಬದಲಾಗುವುದರಿಂದ ಎರಡು ಥಾನುಗಳ ಛಾಯೆ ಬೇರೆಯಾಗುವುದು ಸಹಜ. ಆದರೆ ಒಂದೇ ಥಾನಿನಲ್ಲಿ ಅಂಚು ಸ್ಪಷ್ಟವಾದ ಕಲೆಗಳಿದ್ದರೆ ಬಣ್ಣಕ್ಕೆ ಮುನ್ನ ಗಂಜಿಯೋ ಜಿಡ್ಡೋ ಸರಿಯಾಗಿ ಹೋಗಿಲ್ಲವೆಂದು ಶಂಕಿಸಬೇಕು. ಕಬ್ಬಿಣ ತಾಗಿದರೂ ಚೊಗರು ಕಪ್ಪಾಗುತ್ತದೆ. ಇಂಥವನ್ನು ಸಹಜತೆಯ ಹೆಸರಿನಲ್ಲಿ ಮಾರುವುದು ಸರಿಯಲ್ಲ.

ಸವೆದು ಮಾಸಿದ ಬಟ್ಟೆಯ ನೋಟವನ್ನು ಯಂತ್ರವೂ ಅಚ್ಚು ಹಾಕಬಲ್ಲದಲ್ಲ ಎಂಬ ಆಕ್ಷೇಪ ಇನ್ನೂ ಬಲವಾದದ್ದು. ಹೌದು, ಒಂದೇ ಉಡುಪು ನೋಡಿದರೆ ಕಣ್ಣು ಮೋಸಹೋಗಬಹುದು. ಅದೇ ಬಗೆಯ ಬಟ್ಟೆಯನ್ನು ಒಂದಿಷ್ಟು ಉದ್ದಕ್ಕೆ ಹರಡಿ ನೋಡಿ: ಅಚ್ಚಿನ ಮಾಸಲು ಗುರುತು ಅಳತೆಯ ಅಂತರದಲ್ಲಿ ಮರುಕಳಿಸುತ್ತದೆ. ನಿಜವಾಗಿ ಸವೆದ ಸೀರೆಯಲ್ಲಿ ಹಾಗೆ ಮರುಕಳಿಸುವುದಿಲ್ಲ.

ಇಂಥ ಉಡುಪುಗಳ ಈ ಪ್ರದರ್ಶನವನ್ನು ಉದ್ಘಾಟಿಸುತ್ತಿದ್ದೇನೆ. ಒಳಗೆ ಹೋದಾಗ ಉಡುಪುಗಳನ್ನು ತಿರುವಿ ಒಳಮೈ ನೋಡಿ, ಯಾವ ತುಂಡು ಸೀರೆಯ ಯಾವ ಭಾಗದ್ದೆಂದು ಹೊಲಿದವರನ್ನೇ ಕೇಳಿ.